ನಾಲ್ಕು ಗಂಟೆಯ ಕರೆಗೆ ಏನು ದಾರಿ?

*ಊರು ಬದಿಯಡ್ಕದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ನವೆಂಬರ್ 10ಕ್ಕೆ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್. ಮನೆಯಲ್ಲಿ ಅಮ್ಮ ಒಬ್ಬರೇ. ಅಕ್ಕ, ಭಾವ ದುಬೈಯಲ್ಲಿದ್ದಾರೆ. ಮ್ಯಾನೇಜರಿಗೆ ಹೀಗೆ ಬರೆದಿಟ್ಟಿದ್ದೇನೆ: "10ರಿಂದ ಎರಡು ವಾರ ಮನೆಯಿಂದ ಕೆಲಸ ಮಾಡುತ್ತೇನೆ. ಅಮ್ಮನ ಆಪರೇಷನ್ ಇದೆ. ಬೇರೆಯವರಿಗೆ ಕೊಟ್ಟಿದ್ದೀರಿ, ನನಗೂ ಕೊಡಬೇಕು." ಭಾವ "ಕೇಳುವುದೇನು, ತಿಳಿಸಿಬಿಡು" ಎಂದರು. ಆದರೆ ಕಳುಹಿಸಲು ಕೈ ಬರುತ್ತಿಲ್ಲ. ದಿನಾ ನಾಲ್ಕು ಗಂಟೆಗೆ ಕ್ಲೈಂಟ್ ಕರೆ ನಡೆಸುವವಳು ನಾನೇ. ಮನೆಯಲ್ಲಿ ನೆಟ್ ಚೆನ್ನಾಗಿದೆ, ಗುಡುಗು ಬಂದರೆ ಮಾತ್ರ ಸ್ವಲ್ಪ ತೊಂದರೆ.*

"ಗುಡುಗು ಬಂದರೆ ಮಾತ್ರ" ಎಂದು ಕೊನೆಗೆ ಸೇರಿಸಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಅದು. ನವೆಂಬರ್ ಎಂದರೆ ನಮ್ಮಲ್ಲಿ ತುಲಾ ಮಳೆಯ ಕಾಲ. ಬೆಳಿಗ್ಗೆ ಸುಡುಬಿಸಿಲು, ಮಧ್ಯಾಹ್ನ ಕಳೆದರೆ ಘಟ್ಟದ ಕಡೆಯಿಂದ ಮೋಡ, ಮೂರು ನಾಲ್ಕರ ಹೊತ್ತಿಗೆ ಗುಡುಗು. ಮೊದಲ ಗುಡುಗಿಗೇ ಅಮ್ಮ ಮೋಡೆಮಿನ ಪ್ಲಗ್ ಕೀಳುತ್ತಾರೆ, ಹಿಂದೆಯೇ ಕರೆಂಟೂ ಹೋಗುತ್ತದೆ. ನಿಮ್ಮ ಕ್ಲೈಂಟ್ ಕರೆಯೂ ಸರಿಯಾಗಿ ಅದೇ ಹೊತ್ತಿಗೆ. ನಿಮ್ಮ ಮ್ಯಾನೇಜರಿಗೆ ತುಲಾ ಮಳೆ ಗೊತ್ತಿರಲಿಕ್ಕಿಲ್ಲ, ಆದರೆ ಎರಡನೇ ದಿನವೇ ಕರೆ ತುಂಡಾದರೆ ಮೇಲಿನವರಿಗೆ ಉತ್ತರ ಹೇಳಬೇಕಾದವರು ಅವರೇ.

ಭಾವನ ಮೇಲೆ ನನಗೆ ಸಿಟ್ಟಿದೆ. ದುಬೈಯಲ್ಲಿ ಕುಳಿತು ಗಡಸುತನ ಕಲಿಸುವುದು ಸುಲಭ. ಅಲ್ಲಿಂದ ಅಮ್ಮನ ಕಣ್ಣಿಗೆ ಒಂದು ಹನಿ ಮದ್ದು ಬಿಡಲು ಅವರಿಂದ ಆಗುವುದಿಲ್ಲ. "ಬೇರೆಯವರಿಗೆ ಕೊಟ್ಟಿದ್ದೀರಿ" ಎಂಬ ಸಾಲನ್ನು ಅಳಿಸಿಬಿಡಿ. ಅದನ್ನು ಓದಿದವರು ನಿಮ್ಮ ಅಮ್ಮನನ್ನು ಬಿಟ್ಟು ಆ ಬೇರೆಯವರ ಲೆಕ್ಕ ಹಾಕಲು ಕೂರುತ್ತಾರೆ.

ಇನ್ನು ದಿನಗಳ ವಿಷಯ. ಪೊರೆಯ ಆಪರೇಷನ್ ಆದವರನ್ನು ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳುಹಿಸುತ್ತಾರೆ, ಮರುದಿನ ತಪಾಸಣೆಗೆ ಕರೆಯುತ್ತಾರೆ. ಆ ಎರಡು ದಿನ ನೀವು ಆಸ್ಪತ್ರೆಯ ಬೆಂಚಿನಲ್ಲಿರುತ್ತೀರಿ, ಲ್ಯಾಪ್‌ಟಾಪ್ ತೆರೆದರೂ ಕೆಲಸ ನಡೆಯದು. ಅವಕ್ಕೆ ರಜೆಯನ್ನೇ ಹಾಕಿ. ರಜೆಯ ದಿನವನ್ನು ಕೆಲಸದ ದಿನ ಎಂದು ತೋರಿಸಿದಲ್ಲೇ ಮನೆಯಿಂದ ಕೆಲಸ ಮಾಡುವವರ ಮೇಲೆ ಅನುಮಾನ ಹುಟ್ಟುವುದು ಎಂದು ನಾನು ಈ ಅಂಕಣದಲ್ಲಿ ಹೇಳುತ್ತಲೇ ಬಂದಿದ್ದೇನೆ. ಹನಿ ಮದ್ದು ಕೆಲವು ವಾರ ಇರುತ್ತದೆ, ಆದರೆ ದಿನಕ್ಕೆ ಹಲವು ಸಲ ಬಿಡಬೇಕಾಗುವುದು, ಕಣ್ಣಿಗೆ ನೀರು ತಾಗದಂತೆ, ಬಗ್ಗಿ ಭಾರ ಎತ್ತದಂತೆ ನೋಡಬೇಕಾಗುವುದು ಶುರುವಿನ ದಿನಗಳಲ್ಲೇ ಹೆಚ್ಚು. ಹಾಗಾಗಿ ನಿಮ್ಮ ಎರಡು ವಾರದ ಲೆಕ್ಕ ಸರಿಯಾಗಿಯೇ ಇದೆ. ಅದನ್ನು ತಾರೀಕು ಹಾಕಿ ಬಿಡಿಸಿ ಬರೆಯಿರಿ:

"ಸರ್, ನವೆಂಬರ್ 10ಕ್ಕೆ ನನ್ನ ಅಮ್ಮನ ಕಣ್ಣಿನ ಆಪರೇಷನ್ ಇದೆ. ಮನೆಯಲ್ಲಿ ಅವರೊಬ್ಬರೇ ಇರುವುದರಿಂದ ನಾನು ಜೊತೆಗಿರಬೇಕಾಗಿದೆ. 10 ಮತ್ತು 11ಕ್ಕೆ ರಜೆ ಕೇಳುತ್ತಿದ್ದೇನೆ. 12ರಿಂದ 21ರ ವರೆಗೆ, ಎಂಟು ಕೆಲಸದ ದಿನ, ಊರಿನಿಂದ ಕೆಲಸ ಮಾಡಲು ಅನುಮತಿ ಕೊಡಬೇಕಾಗಿ ವಿನಂತಿ. 24ರ ಸೋಮವಾರ ಆಫೀಸಿಗೆ ಬರುತ್ತೇನೆ. ನಮ್ಮಲ್ಲಿ ಈ ತಿಂಗಳು ಸಂಜೆ ಗುಡುಗು ಮಳೆ, ಕರೆಂಟ್ ಹೋಗುವುದು ಸಾಮಾನ್ಯ. ಅದಕ್ಕೆ ಮೋಡೆಮಿಗೆ ಬ್ಯಾಟರಿ, ಬೇರೆ ಕಂಪೆನಿಯ ಸಿಮ್ಮಿನ ಹಾಟ್‌ಸ್ಪಾಟ್ ಸಿದ್ಧ ಮಾಡಿದ್ದೇನೆ. ಆದರೂ ನಾಲ್ಕು ಗಂಟೆಯ ಕರೆಗೆ ಪ್ರತಿದಿನ ಎರಡೂವರೆಯೊಳಗೆ ನನ್ನ ಟಿಪ್ಪಣಿಯನ್ನು ತಂಡದ ಒಬ್ಬರಿಗೆ ಕಳುಹಿಸಿರುತ್ತೇನೆ. ಸಂಪರ್ಕ ತಪ್ಪಿದರೆ ಅವರು ಮುಂದುವರಿಸಬಹುದು. ಈ ದಿನಗಳು ಹೊಂದದಿದ್ದರೆ ಯಾವುದನ್ನು ಬದಲಿಸಬಹುದೆಂದು ತಿಳಿಸಿ."

ಇಂಗ್ಲಿಷಿನಲ್ಲಿ ಬರೆದರೂ ಕ್ರಮ ಇದೇ ಇರಲಿ. ಇದನ್ನು ಅವರು ಹಾಗೆಯೇ ಮೇಲಿನವರಿಗೆ ದಾಟಿಸಬಹುದು, ಒಂದು ಸಾಲೂ ಸೇರಿಸಬೇಕಿಲ್ಲ. ಟಿಪ್ಪಣಿ ಪಡೆಯುವ ಸಹೋದ್ಯೋಗಿಯ ಒಪ್ಪಿಗೆ ಕೇಳಿ, ಅವರ ಹೆಸರನ್ನೂ ಹಾಕಿ.

ಬ್ಯಾಟರಿ ಎಂದರೆ ಮೋಡೆಮಿಗೆಂದೇ ಸಿಗುವ ಸಣ್ಣ ಯುಪಿಎಸ್. ಮೋಡೆಮಿನ ಅಡಿಯಲ್ಲಿ ಎಷ್ಟು ವೋಲ್ಟ್ ಎಂದು ಬರೆದಿರುತ್ತದೆ, ಹೆಚ್ಚಿನವು 12; ನೋಡಿಕೊಂಡೇ ಕೊಳ್ಳಿ. ಗುಡುಗು ಶುರುವಾದೊಡನೆ ಗೋಡೆಯ ಪ್ಲಗ್ ಕಿತ್ತರೆ ಅಮ್ಮನಿಗೂ ಸಮಾಧಾನ, ಮೋಡೆಮ್ ಬ್ಯಾಟರಿಯಲ್ಲಿ ನಡೆಯುತ್ತಿರುತ್ತದೆ. ಆದರೆ ದಾರಿಯಲ್ಲಿ ಎಲ್ಲೋ ಲೈನೇ ಕಡಿದರೆ ಯುಪಿಎಸ್‌ನಿಂದ ಪ್ರಯೋಜನವಿಲ್ಲ. ಆಗ ಫೋನೇ ಗತಿ.

ಆದ್ದರಿಂದ ಈ ಪತ್ರ ಕಳುಹಿಸುವ ಮೊದಲು ಒಂದು ಶನಿವಾರ ಊರಿಗೆ ಹೋಗಿ. ಸಂಜೆ ನಾಲ್ಕಕ್ಕೆ ಮೋಡೆಮ್ ಆಫ್ ಮಾಡಿ, ನೀವು ಕೆಲಸಕ್ಕೆ ಕೂರುವ ಕೋಣೆಯಲ್ಲೇ, ಆ ಎರಡನೇ ಸಿಮ್ಮಿನಲ್ಲಿ ಭಾವನಿಗೆ ಒಂದು ಗಂಟೆ ವಿಡಿಯೋ ಕರೆ ಮಾಡಿ. ಅವರಿಂದ ಆಗಬಹುದಾದ ಉಪಕಾರ ಅದು. ಕರೆ ಕೊನೆಯ ವರೆಗೆ ತುಂಡಾಗದೆ ನಡೆದರೆ ಪತ್ರವನ್ನು ಹೀಗೆಯೇ ಕಳುಹಿಸಿ. ತುಂಡಾದರೆ ಹಾಟ್‌ಸ್ಪಾಟಿನ ಮಾತು ತೆಗೆದು, ಆ ಎಂಟು ದಿನ ನಾಲ್ಕು ಗಂಟೆಯ ಕರೆಯನ್ನು ಸಹೋದ್ಯೋಗಿಯೇ ನಡೆಸಲಿ ಎಂದು ಬರೆಯಿರಿ.