ನೋಟಿಫಿಕೇಶನ್ ಎಲ್ಲಾ ಆಫ್ ಮಾಡಿದ ಮೇಲೂ ಫೋನಿನ ಕಡೆಗೇ ಕೈ ಹೋಗುತ್ತಿದ್ದರೆ

ಪ್ರಶ್ನೆ: ಕೆಲಸದ ಹೊತ್ತಲ್ಲಿ ಗಮನ ಹಾಳಾಗ್ತಿದೆ ಅಂತ ನೋಟಿಫಿಕೇಶನ್ ಎಲ್ಲಾ ಆಫ್ ಮಾಡಿದೆ. ಈಗ ಏನಾದ್ರೂ ಮಿಸ್ ಆಯ್ತೇನೋ ಅಂತ ನಾನೇ ಐದೈದು ನಿಮಿಷಕ್ಕೆ ಫೋನ್ ತೆಗೆದು ನೋಡ್ತೀನಿ. ಮೊದಲಿಗಿಂತ ಜಾಸ್ತಿ ಕಿರಿಕಿರಿ. ಏನು ಮಾಡಲಿ?

ಉತ್ತರ:

ಸದ್ದು ನಿಲ್ಲಿಸಿದ್ದೀರಿ, ಸರಿ. ಆದರೆ ಮತ್ತೆ ಯಾವಾಗ ನೋಡುವುದು ಎಂದು ಗೊತ್ತುಮಾಡಿಕೊಂಡಿಲ್ಲ. ಹಾಗಾಗಿ ಫೋನ್ ಮಾಡುತ್ತಿದ್ದ ಕಾವಲನ್ನು ಈಗ ನಿಮ್ಮ ಮನಸ್ಸೇ ಮಾಡುತ್ತಿದೆ. ಇದು ನಿಮ್ಮೊಬ್ಬರ ದೌರ್ಬಲ್ಯವಲ್ಲ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಫಿಟ್ಜ್, ಕುಶ್ಲೆವ್ ಮತ್ತು ಅವರ ಜೊತೆಗಾರರು 237 ಜನರನ್ನು ಎರಡು ವಾರ ಗಮನಿಸಿದರು. ಕೆಲವರಿಗೆ ನೋಟಿಫಿಕೇಶನ್ ಎಂದಿನಂತೆ ಬರುತ್ತಿತ್ತು, ಕೆಲವರಿಗೆ ದಿನಕ್ಕೆ ಮೂರು ಸಲ ಒಟ್ಟಾಗಿ ಬರುತ್ತಿತ್ತು, ಇನ್ನು ಕೆಲವರಿಗೆ ಬರುತ್ತಲೇ ಇರಲಿಲ್ಲ. ಮೂರು ಸಲ ಪಡೆದವರ ಗಮನ ಸುಧಾರಿಸಿತು, ಒತ್ತಡ ಇಳಿಯಿತು. ಏನೂ ಬಾರದವರಿಗೆ ಆ ಲಾಭ ಹೆಚ್ಚೇನೂ ಸಿಗಲಿಲ್ಲ, ಬದಲಿಗೆ ಆತಂಕ ಮತ್ತು ಏನೋ ತಪ್ಪಿಹೋಗುತ್ತಿದೆ ಎಂಬ ಭಯ ಹೆಚ್ಚಾಯಿತು. ನೀವು ಈಗ ಇರುವುದು ಈ ಕೊನೆಯ ಗುಂಪಿನಲ್ಲಿ. ಮಧ್ಯದ ಗುಂಪಿಗೆ ಬರಬೇಕು.

ನನ್ನದು ಲೆಕ್ಕ ತಾಳೆ ನೋಡುವ ಕೆಲಸ. ಒಂದು ಕಡೆ ಬ್ಯಾಂಕ್ ಸ್ಟೇಟ್‌ಮೆಂಟ್, ಇನ್ನೊಂದು ಕಡೆ ಲೆಡ್ಜರ್, ಸಾಲು ಸಾಲಾಗಿ ಹೊಂದಿಸುತ್ತಾ ಹೋಗಬೇಕು. ಒಮ್ಮೆ ನಡುವೆ ಫೋನಿನ ಪರದೆ ಬೆಳಗಿತು. ಕಣ್ಣು ಹಾಯಿಸಿದೆ, ತೆರೆಯಲೂ ಇಲ್ಲ. ಸಂಜೆ ಮೊತ್ತ ಹೊಂದಲಿಲ್ಲ. ಸುಮಾರು ಒಂದೂವರೆ ಗಂಟೆ ಹುಡುಕಿದ ಮೇಲೆ ಒಂದು ಸಾಲನ್ನು ಎರಡು ಸಲ ಟಿಕ್ ಮಾಡಿ ಮುಂದಿನದನ್ನು ಬಿಟ್ಟಿದ್ದು ಸಿಕ್ಕಿತು. ಕಣ್ಣು ಹಾಯಿಸಿದ ಮಾತ್ರಕ್ಕೆ ಹೀಗಾಗುತ್ತದೆಯೇ ಎಂದರೆ, ಆಗುತ್ತದೆ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಎರಿಕ್ ಆಲ್ಟ್‌ಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕ್ರಮವಾಗಿ ಮಾಡಬೇಕಾದ ಕೆಲಸದ ನಡುವೆ ಸರಾಸರಿ 2.8 ಸೆಕೆಂಡಿನ ಅಡಚಣೆ ಬಂದರೂ ಹಂತ ತಪ್ಪುವುದು ದುಪ್ಪಟ್ಟಾಯಿತು. ಹೋಗುವುದು ಆ ಮೂರು ಸೆಕೆಂಡ್ ಅಲ್ಲ, ಎಲ್ಲಿದ್ದೆ ಎಂಬ ನೆನಪು.

ಈಗ ಮಾಡಬೇಕಾದ್ದಕ್ಕೆ ಬರುತ್ತೇನೆ. ಸಮಯ ಗೊತ್ತುಮಾಡುವ ಮೊದಲು ತುರ್ತಿಗೆ ಒಂದು ಬಾಗಿಲು ತೆರೆದಿಡಿ. ನಿಮ್ಮನ್ನು ಐದು ನಿಮಿಷಕ್ಕೊಮ್ಮೆ ಫೋನಿಗೆ ಎಳೆಯುತ್ತಿರುವುದು ಮುಚ್ಚಿದ ಈ ಬಾಗಿಲೇ ಎಂದು ನನ್ನ ಅನಿಸಿಕೆ. `Do Not Disturb` ಹಾಕಿ, ಅದರೊಳಗೆ ಮನೆಯವರು ಮತ್ತು ಕೆಲಸದಲ್ಲಿ ಒಬ್ಬರೋ ಇಬ್ಬರೋ, ಇವರ ಕರೆಗಳಿಗೆ ಮಾತ್ರ ಅನುಮತಿ ಕೊಡಿ. ಅದೇ ಜಾಗದಲ್ಲಿ ಮತ್ತೆ ಮತ್ತೆ ಕರೆ ಮಾಡುವವರನ್ನು ಬಿಡುವ ಆಯ್ಕೆಯೂ ಇರುತ್ತದೆ. ಒಂದೇ ನಂಬರಿನಿಂದ ಸ್ವಲ್ಪ ಹೊತ್ತಿನೊಳಗೆ ಎರಡನೇ ಕರೆ ಬಂದರೆ (ಐಫೋನಿನಲ್ಲಿ ಮೂರು ನಿಮಿಷ, ಆಂಡ್ರಾಯ್ಡ್‌ನಲ್ಲಿ ಹದಿನೈದು) ಅದು ರಿಂಗ್ ಆಗುತ್ತದೆ. ಅದನ್ನು ಆನ್ ಮಾಡಿ, ಆ ಕೆಲವರಿಗೆ ಬಾಯಿಬಿಟ್ಟು ಹೇಳಿ: "ಮೆಸೇಜ್ ತಡವಾಗಿ ನೋಡ್ತೀನಿ, ಅವಸರ ಇದ್ದರೆ ಕಾಲ್ ಮಾಡಿ." ಹೇಳದೆ ಬಿಟ್ಟರೆ ಈ ಏರ್ಪಾಡು ನಿಮ್ಮ ತಲೆಯಲ್ಲಿ ಮಾತ್ರ ಇರುತ್ತದೆ, ಅವರು ಮೆಸೇಜನ್ನೇ ಕಳಿಸುತ್ತಿರುತ್ತಾರೆ. ಒಮ್ಮೆ ನೀವೇ ಬೇರೆ ಫೋನಿನಿಂದ ಎರಡು ಸಲ ಕರೆ ಮಾಡಿ ಪರೀಕ್ಷಿಸಿ. ಅದು ರಿಂಗ್ ಆದದ್ದನ್ನು ಕಿವಿಯಾರೆ ಕೇಳಿದ ಮೇಲೆ ನನ್ನ ಚಡಪಡಿಕೆ ಅರ್ಧ ಇಳಿದಿತ್ತು.

ಆಮೇಲೆ ಸಮಯ. ನಾನು 11 ಗಂಟೆಗೆ, 2 ಗಂಟೆಗೆ ಮತ್ತು 4:30ಕ್ಕೆ ನೋಡುತ್ತೇನೆ. ಐಫೋನಿನಲ್ಲಿ `Scheduled Summary` ಎಂಬ ಆಯ್ಕೆಯಲ್ಲಿ ಈ ಸಮಯಗಳನ್ನು ಕೊಟ್ಟರೆ, ನೀವು ಆರಿಸಿದ ಆಪ್‌ಗಳದ್ದನ್ನೆಲ್ಲ ಅದು ಒಟ್ಟುಮಾಡಿ ಕೊಡುತ್ತದೆ. ಬೇರೆ ಫೋನಿನಲ್ಲಿ ಅಲಾರಂ ಸಾಕು. ಆಪ್ ಐಕಾನಿನ ಮೇಲಿನ ಕೆಂಪು ಅಂಕಿಯನ್ನೂ ತೆಗೆಯಿರಿ. ಅದು ಸದ್ದು ಮಾಡುವುದಿಲ್ಲ ನಿಜ, ಆದರೆ ಟೈಮ್ ನೋಡಲು ಫೋನ್ ತೆಗೆದವರನ್ನು ಒಳಗೆ ಕರೆದುಕೊಂಡು ಹೋಗುವುದು ಅದೇ.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ನನಗೆ ದೊಡ್ಡ ವ್ಯತ್ಯಾಸ ಕಂಡದ್ದು ಮುಂದಿನ ಹೆಜ್ಜೆಯಲ್ಲಿ. 11ಕ್ಕೆ ಅಲಾರಂ ಆದ ತಕ್ಷಣ ಫೋನ್ ತೆಗೆಯುವುದಿಲ್ಲ. ಕೈಲಿರುವ ಸಾಲು ಮುಗಿಸಿ, ಒಂದು ಚೀಟಿಯಲ್ಲಿ ಬರೆಯುತ್ತೇನೆ: "212 ಆಯ್ತು. ಮುಂದೆ 213, ಮೊತ್ತದಲ್ಲಿ ತೆರಿಗೆ ಸೇರಿದೆಯಾ ನೋಡು." ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದು ಇದನ್ನೇ: ಅರ್ಧಕ್ಕೆ ಬಿಟ್ಟ ಕೆಲಸದಿಂದ ಎದ್ದರೆ ಗಮನದ ಒಂದು ಪಾಲು ಅಲ್ಲೇ ಅಂಟಿಕೊಂಡಿರುತ್ತದೆ, ಹೊಸ ಕೆಲಸಕ್ಕೆ ಪೂರ್ತಿ ಬರುವುದಿಲ್ಲ. ಎಲ್ಲಿಗೆ ನಿಂತೆ, ಮರಳಿ ಬಂದಾಗ ಮೊದಲು ಏನು ಎಂದು ಎದ್ದೇಳುವ ಮುನ್ನ ಬರೆದಿಟ್ಟರೆ ಆ ಅಂಟು ಕಡಿಮೆಯಾಗುತ್ತದೆ ಎಂಬುದು ಅವರು ಮತ್ತು ಥೆರೆಸಾ ಗ್ಲಾಂಬ್ 2018ರಲ್ಲಿ ಪ್ರಕಟಿಸಿದ ಕೆಲಸದಲ್ಲಿದೆ. ಚೀಟಿಗೆ ಅರ್ಧ ನಿಮಿಷ ಬೇಕು. ಚೀಟಿ ಇಲ್ಲದ ದಿನ ಮರಳಿ ಬಂದು ಐದಾರು ಸಾಲು ಹಿಂದಿನಿಂದ ಮತ್ತೆ ನೋಡಬೇಕಾಗುತ್ತದೆ.

ನೋಡುವ ಹೊತ್ತನ್ನು 20 ನಿಮಿಷಕ್ಕೆ ಕಟ್ಟಿಹಾಕಿ. ಕಳೆದ ವಾರದ ಒಂದು ದಿನ 2 ಗಂಟೆಗೆ ನನಗೆ 34 ಮೆಸೇಜ್ ಬಂದು ಕೂತಿದ್ದವು. ಮೊದಲು ಉತ್ತರಿಸದೆ ಎಲ್ಲವನ್ನೂ ಓದಿದೆ. ಗುಂಪಿನಲ್ಲಿ ಒಬ್ಬರು ಕೇಳಿದ ಪ್ರಶ್ನೆಗೆ ಇನ್ನೊಬ್ಬರು ಆಗಲೇ ಉತ್ತರ ಕೊಟ್ಟಿದ್ದರು, ಮೊದಲೇ ಟೈಪ್ ಮಾಡಿದ್ದರೆ ಅದು ವ್ಯರ್ಥ. ಕೊನೆಗೆ ನನ್ನಿಂದ ಏನಾದರೂ ಬೇಕಾಗಿದ್ದದ್ದು ಐದಕ್ಕೆ ಮಾತ್ರ. ನಾಲ್ಕಕ್ಕೆ ಅಲ್ಲೇ ಉತ್ತರ ಹೋಯಿತು. ಐದನೆಯದು ಹಳೆಯ ಇನ್ವಾಯ್ಸ್‌ಗಳನ್ನು ತೆಗೆದು ನೋಡಬೇಕಾದ ಕೆಲಸ. ಅದನ್ನು ಶುರು ಮಾಡಲಿಲ್ಲ. "ನಾಳೆ 11ರೊಳಗೆ ಕೊಡ್ತೀನಿ" ಎಂದು ಕಳಿಸಿ, ಪಟ್ಟಿಗೆ ಸೇರಿಸಿ ಮುಚ್ಚಿದೆ. ಇಂಥದ್ದನ್ನು ಅರ್ಧ ತೆರೆದು ಬಿಟ್ಟರೆ ಒಟ್ಟಿಗೆ ನೋಡಿದ ಲಾಭವೆಲ್ಲ ಕೈತಪ್ಪುತ್ತದೆ. ಇದೇ ಕಾರಣಕ್ಕೆ ಮೀಟಿಂಗಿಗೆ ಐದು ನಿಮಿಷ ಇರುವಾಗ ಮೆಸೇಜ್ ನೋಡಲೇಬೇಡಿ. ಓದಿಯೂ ಏನೂ ಮಾಡಲಾಗದ ಮೆಸೇಜಿನಷ್ಟು ತಲೆಯಲ್ಲಿ ಕೊರೆಯುವುದು ಬೇರೊಂದಿಲ್ಲ.

ಫಲ ಕೊಡುತ್ತಿದೆಯೇ ಎಂದು ತಿಳಿಯಲು ಅದೇ ಚೀಟಿಯ ಮೂಲೆ ಸಾಕು. ಹೊತ್ತಲ್ಲದ ಹೊತ್ತಿನಲ್ಲಿ ಕೈ ಫೋನಿಗೆ ಹೋದಾಗಲೆಲ್ಲ ಒಂದು ಗೆರೆ ಎಳೆಯಿರಿ. ನನಗೆ ಮೊದಲ ದಿನ 19 ಗೆರೆ ಬಂದವು, ಎರಡನೇ ವಾರದ ಕೊನೆಗೆ ಮೂರೋ ನಾಲ್ಕೋ. ನಿಮ್ಮದು ಒಂದು ವಾರ ಕಳೆದರೂ ಇಳಿಯದಿದ್ದರೆ ಎರಡು ನೋಟಗಳ ನಡುವಿನ ಅಂತರ ನಿಮಗೆ ಜಾಸ್ತಿಯಾಗಿದೆ. ಮಧ್ಯೆ ಇನ್ನೊಂದು ಸಮಯ ಸೇರಿಸಿ, ನಾಚಿಕೆಪಡುವಂಥದ್ದೇನಿಲ್ಲ.

ನಿಮ್ಮ ಕೆಲಸದಲ್ಲಿ ಹದಿನೈದು ನಿಮಿಷದೊಳಗೆ ಉತ್ತರ ಕೊಡಲೇಬೇಕು ಎಂದಿದ್ದರೆ ಮೂರು ಸಲದ ಲೆಕ್ಕ ನಡೆಯುವುದಿಲ್ಲ. ಆಗ ಮೇಲಿನವರ ಬಳಿ ದಿನಕ್ಕೆ 90 ನಿಮಿಷ ಮಾತ್ರ ಕೇಳಿ, ಆ ಹೊತ್ತು ನಿಮ್ಮ ಚಾನೆಲ್ಲನ್ನು ಸಹೋದ್ಯೋಗಿ ನೋಡಿಕೊಳ್ಳಲಿ, ಅವರ ಹೊತ್ತಿನಲ್ಲಿ ನೀವು ಅವರದನ್ನು ನೋಡಿಕೊಳ್ಳಿ. ನಮ್ಮ ತಂಡದಲ್ಲಿ ತಿಂಗಳ ಕೊನೆಯ ವಾರ ನಾವು ಹಾಗೇ ಮಾಡುತ್ತೇವೆ.