ಅಜ್ಜಿಯ ಮೂಗುತಿ ಎಲ್ಲಿ ಹೋಯಿತು?

*"ನಮ್ಮಜ್ಜಿಯ ಫೋಟೋದಿಂದ ಪಾಪ್ ಆರ್ಟ್ ಪೋಸ್ಟರ್ ಮಾಡಿದ ಬಗೆಯನ್ನು ಲೇಖನ ಮಾಡಿ, ಎ3 ಪ್ರಿಂಟ್ ಜೊತೆ ಕಳಿಸಿದ್ದೇನೆ ಸರ್. ಕಪ್ಪು ಮತ್ತು ಕೆಂಪು ಚುಕ್ಕೆ, ಹಿಂದೆ ಹಳದಿ. ಮಾನಿಟರ್‌ನಲ್ಲಿ ಚೆನ್ನಾಗಿತ್ತು, ಪ್ರಿಂಟ್‌ನಲ್ಲಿ ಕೆನ್ನೆ ತುಂಬಾ ಕಲೆ ಬಂತು. ಪ್ರೆಸ್ಸಿನವರ ತಪ್ಪಿರಬೇಕು. ಲೇಖನ ಹಾಕುತ್ತೀರಾ? ಮುಲಾಜಿಲ್ಲದೆ ಹೇಳಿ." (ದಾವಣಗೆರೆಯ ಓದುಗಿ)*

ಈಗಿರುವ ಹಾಗೆ ಹಾಕಲಾರೆ. ಅಜ್ಜಿ ಮಂಡಕ್ಕಿ ಭಟ್ಟಿಯ ಬಿಸಿಗೆ ಕಣ್ಣು ಕಿರಿದು ಮಾಡಿ ನಿಂತ ಚಿತ್ರವನ್ನು ಎರಡು ಸಾಲಿನಲ್ಲಿ ಕಟ್ಟಿದ್ದೀರಿ, ಅದು ಇರಲಿ. ತೊಂದರೆ ಇರುವುದು ವಿಧಾನ ಹೇಳುವ ಭಾಗದಲ್ಲಿ. ಅದನ್ನು ನಂಬಿ ಯಾರಾದರೂ ಮಾಡಿದರೆ ನಿಮ್ಮದೇ ಕಲೆ ಅವರಿಗೂ ಬರುತ್ತದೆ.

ಮೊದಲು ಒಂದು ಸಣ್ಣ ತಿದ್ದುಪಡಿ. ಪಾಪ್ ಆರ್ಟ್ ಕಲಾವಿದರಾದ ಲಿಚ್ಟೆನ್‌ಸ್ಟೈನ್, ವಾರ್ಹೋಲ್ ಇಬ್ಬರ ಚುಕ್ಕೆಯೂ ಒಂದೇ ಎಂದಿದ್ದೀರಿ. ಲಿಚ್ಟೆನ್‌ಸ್ಟೈನ್ ಹೆಚ್ಚಾಗಿ ಬಿಡಿಸಿದ್ದು ಕಾಮಿಕ್ಸ್‌ನ ಬೆನ್ ಡೇ ಚುಕ್ಕೆ. ಅದರಲ್ಲಿ ಚುಕ್ಕೆಗಳೆಲ್ಲ ಒಂದೇ ಗಾತ್ರ, ಒಂದು ಜಾಗಕ್ಕೆ ತೆಳುಬಣ್ಣ ತುಂಬುವುದಷ್ಟೇ ಕೆಲಸ. ವಾರ್ಹೋಲ್ ಫೋಟೋವನ್ನೇ ಮುದ್ರಣದ ಸ್ಕ್ರೀನಿಗೆ ಇಳಿಸಿದ. ಅಲ್ಲಿ ನೆರಳಿದ್ದಲ್ಲಿ ಚುಕ್ಕೆ ದಪ್ಪ, ಬೆಳಕಿದ್ದಲ್ಲಿ ಸಣ್ಣ. ಇದು ಹಾಫ್‌ಟೋನ್. ನೀವು ಮಾಡಿರುವುದೂ ಇದೇ.

ಇನ್ನು ಫೋಟೋಶಾಪ್‌ನಲ್ಲಿ ಚುಕ್ಕೆಯ ಗಾತ್ರ. "`Filter > Pixelate > Color Halftone` ತೆಗೆದು `Max. Radius` 8 ಕೊಡಿ" ಎಂದು ಬರೆದಿದ್ದೀರಿ. ಏನು 8? ಚುಕ್ಕೆಯ ಗರಿಷ್ಠ ತ್ರಿಜ್ಯ, ಅದೂ ಪಿಕ್ಸೆಲ್‌ನಲ್ಲಿ. ಫೈಲ್ ಇಂಚಿಗೆ 300 ಪಿಕ್ಸೆಲ್ ರೆಸಲ್ಯೂಷನ್‌ನಲ್ಲಿದ್ದರೆ 8 ಪಿಕ್ಸೆಲ್ ಅಂದರೆ ಕಾಗದದ ಮೇಲೆ 0.7 ಮಿ.ಮೀ. ಕೂಡ ಇಲ್ಲ. 72 ಇದ್ದರೆ ಅದೇ 8 ಪಿಕ್ಸೆಲ್ 2.8 ಮಿ.ಮೀ. ಆಗುತ್ತದೆ. ನಿಮ್ಮ ಪ್ರಿಂಟ್ ಮೇಲೆ ಸ್ಕೇಲ್ ಇಟ್ಟು, ಓರೆಯಾಗಿ ಸಾಗುವ ಸಾಲಿನಲ್ಲಿ ಹತ್ತು ಚುಕ್ಕೆ ಎಣಿಸಿದೆ. 40 ಮಿ.ಮೀ. ಬಂತು. ಅಂದರೆ ಚುಕ್ಕೆಯಿಂದ ಚುಕ್ಕೆಗೆ 4 ಮಿ.ಮೀ. ಈ ಫಿಲ್ಟರ್ ಚುಕ್ಕೆಗಳ ಅಂತರವನ್ನು ಆ ತ್ರಿಜ್ಯದ ಸುಮಾರು 1.4 ಪಟ್ಟು ಇಡುತ್ತದೆ, 2.8ಕ್ಕೆ ಅದು 4 ಆಗುತ್ತದೆ. ನಿಮ್ಮ ಫೈಲ್ 72ರಲ್ಲೇ ಇತ್ತು ಎಂದು ಇದರಿಂದಲೇ ಗೊತ್ತಾಗುತ್ತದೆ. ಪ್ರಿಂಟಿಗೆ ಹೋಗುವ ಚುಕ್ಕೆಯ ಲೆಕ್ಕವನ್ನು ಮಿಲಿಮೀಟರ್‌ನಲ್ಲೋ, ಇಂಚಿಗೆ ಎಷ್ಟು ಸಾಲು ಎಂಬ ಎಲ್‌ಪಿಐನಲ್ಲೋ ಬರೆಯಿರಿ.

ಎಷ್ಟು ಇಡಬೇಕು ಎನ್ನುವುದಕ್ಕೆ ನಾನು ಮುಖ ನೋಡುವುದಿಲ್ಲ, ಕಣ್ಣು ನೋಡುತ್ತೇನೆ. ಚಿತ್ರ ಕಲಿಯುವವರಿಗೆ ಹೇಳಿಕೊಡುತ್ತಾರಲ್ಲ, ಮುಖದ ಅಗಲ ಸುಮಾರು ಐದು ಕಣ್ಣಿನಷ್ಟು ಅಂತ. ನಿಮ್ಮ ಪೋಸ್ಟರ್‌ನಲ್ಲಿ ಮುಖ 180 ಮಿ.ಮೀ. ಇದೆ, ಒಂದು ಕಣ್ಣಿಗೆ 36 ಬಂತು. 4 ಮಿ.ಮೀ. ಅಂತರದಲ್ಲಿ ಆ ಕಣ್ಣಿಗೆ ಸಿಗುವುದು ಒಂಬತ್ತೇ ಚುಕ್ಕೆ. ಅಷ್ಟರಲ್ಲೇ ರೆಪ್ಪೆ, ಗುಡ್ಡೆ, ಬಿಳಿಭಾಗ ಎಲ್ಲ ಬರಬೇಕು. ಅಜ್ಜಿ ಬೇರೆ ಕಣ್ಣು ಕಿರಿದು ಮಾಡಿದ್ದಾರೆ! 10 ಎಲ್‌ಪಿಐ ಇಟ್ಟರೆ ಅಂತರ 2.5 ಮಿ.ಮೀ.ಗೆ ಇಳಿದು ಕಣ್ಣಿಗೆ ಹದಿನಾಲ್ಕು ಚುಕ್ಕೆ ಸಿಗುತ್ತವೆ. ನನ್ನ ಅನುಭವದಲ್ಲಿ ಹನ್ನೆರಡಕ್ಕಿಂತ ಕೆಳಗೆ ಹೋದರೆ ಯಾರ ಮುಖ ಎಂದು ಗುರುತು ಸಿಗುವುದು ಕಷ್ಟ.

ಹಾಗಾದರೆ 60 ಎಲ್‌ಪಿಐ ಯಾಕಾಗಬಾರದು? ಒಂದು, ಚುಕ್ಕೆಯೇ ಕಾಣದಿದ್ದರೆ ಅದು ಪಾಪ್ ಆರ್ಟ್ ಅಲ್ಲ, ಬರೀ ಫೋಟೋ. ಇನ್ನೊಂದು, ಇಂಕು ಹರಡುತ್ತದೆ. ಲಗ್ನಪತ್ರಿಕೆ ಮಾಡುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಚುಕ್ಕೆಯ ಅಂಚು ಸುತ್ತಲೂ 0.05 ಮಿ.ಮೀ. ಹಿಗ್ಗಿತು ಎಂದುಕೊಳ್ಳಿ. 10 ಎಲ್‌ಪಿಐನಲ್ಲಿ ಶೇ. 50ರ ಚುಕ್ಕೆ ಶೇ. 55 ಆಗುತ್ತದೆ, ಯಾರಿಗೂ ತಿಳಿಯುವುದಿಲ್ಲ. 60ರಲ್ಲಿ ಚುಕ್ಕೆ ಪುಟ್ಟದು, ಅಂಚು ಹಿಗ್ಗುವುದು ಮಾತ್ರ ಅಷ್ಟೇ. ಶೇ. 50 ಇದ್ದದ್ದು 80 ದಾಟಿ ಕೆನ್ನೆಗೆ ಮಸಿ ಬಳಿದ ಹಾಗಾಗುತ್ತದೆ.

ಮೂಗುತಿಯ ಕಥೆ ಬೇರೆ. ನಿಮ್ಮ ಬರಹದಲ್ಲಿ ಅದು ಮೂರು ಸಲ ಬರುತ್ತದೆ, ಪ್ರಿಂಟ್‌ನಲ್ಲಿ ಒಂದು ಸಲವೂ ಇಲ್ಲ. ಕಾಗದದ ಮೇಲೆ ಅದರ ಅಗಲ 6 ಮಿ.ಮೀ. ಇರಬೇಕು, ಅಂದರೆ ಒಂದೂವರೆ ಚುಕ್ಕೆ. ಕೆನ್ನೆಯ ಚುಕ್ಕೆಗೂ ಅದಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗಬೇಕು? 10 ಎಲ್‌ಪಿಐ ಮಾಡಿದರೂ ಎರಡೂವರೆ ಚುಕ್ಕೆ ಅಷ್ಟೇ. ಇಂಥವನ್ನು ಚುಕ್ಕೆಗೆ ಬಿಡಬಾರದು. ಮೂಗುತಿ, ಹುಬ್ಬು, ರೆಪ್ಪೆಯ ಗೆರೆ, ಸೆರಗಿನ ಅಂಚು ಇವನ್ನು ಬೇರೆ ಲೇಯರ್‌ನಲ್ಲಿ ಗಟ್ಟಿ ಕಪ್ಪಿನಲ್ಲಿ ಬಿಡಿಸಿ, ಮೂಗುತಿಯ ಹರಳಿಗೆ ಕಾಗದದ ಬಿಳಿಯನ್ನೇ ಉಳಿಸಿ. ಚುಕ್ಕೆ ಚರ್ಮಕ್ಕಷ್ಟೇ ಇರಲಿ.

ಈಗ ಆ ಕಲೆ. ಕಪ್ಪಿಗೆ 45 ಡಿಗ್ರಿ ಕೊಟ್ಟಿದ್ದೀರಿ, ಸರಿ. ಓರೆ ಸಾಲು ಅಡ್ಡ ಅಥವಾ ಉದ್ದ ಸಾಲಿನಷ್ಟು ಕಣ್ಣಿಗೆ ರಾಚುವುದಿಲ್ಲ. ಕೆಂಪಿಗೆ "ಸ್ವಲ್ಪ ಬೇರೆ ಇರಲಿ ಅಂತ" 50 ಕೊಟ್ಟಿದ್ದೀರಿ. ಕೆಟ್ಟಿದ್ದು ಅಲ್ಲೇ. ಒಂದೇ ಅಂತರದ ಎರಡು ಜಾಲರಿ ಐದು ಡಿಗ್ರಿ ವಾಲಿ ಒಂದರ ಮೇಲೊಂದು ಕೂತಾಗ, ಕೆಲವೆಡೆ ಕೆಂಪು ಕಪ್ಪಿನ ಅಡಿಯಲ್ಲಿ ಅಡಗುತ್ತದೆ, ಕೆಲವೆಡೆ ಪಕ್ಕಕ್ಕೆ ಬಂದು ಕಾಗದ ಮುಚ್ಚುತ್ತದೆ. ಇದು ಎಷ್ಟು ದೂರಕ್ಕೊಮ್ಮೆ ಮರುಕಳಿಸುತ್ತದೆ ಎಂದು ಲೆಕ್ಕ ಹಾಕಬಹುದು:

```
d = p / (2 × sin(θ/2))
```

ಇಲ್ಲಿ p ಚುಕ್ಕೆಗಳ ಅಂತರ, θ ಎರಡು ಕೋನಗಳ ವ್ಯತ್ಯಾಸ. 4 ಮಿ.ಮೀ., 5 ಡಿಗ್ರಿ ಹಾಕಿದರೆ 46 ಮಿ.ಮೀ. ಬರುತ್ತದೆ. ನಿಮ್ಮ ಪ್ರಿಂಟ್‌ನಲ್ಲಿ ಕಲೆಯಿಂದ ಕಲೆಗೆ ಅಳೆದು ನೋಡಿ, ನನಗೆ ನಾಲ್ಕೂವರೆ ಸೆಂಟಿಮೀಟರ್ ಬಂತು. ವ್ಯತ್ಯಾಸವನ್ನು 30 ಡಿಗ್ರಿ ಮಾಡಿ, ಕೆಂಪಿಗೆ 75 ಕೊಡಿ. 2.5 ಮಿ.ಮೀ. ಅಂತರಕ್ಕೆ ಅದು 5 ಮಿ.ಮೀ.ಗಿಂತ ಕಡಿಮೆ ಆಗುತ್ತದೆ, ಚುಕ್ಕೆಗಳ ನಡುವೆಯೇ ಕರಗಿಹೋಗುತ್ತದೆ. ಆಫ್‌ಸೆಟ್‌ನವರೂ ರೂಢಿಯಲ್ಲಿ ಕಪ್ಪಿಗೆ 45, ಮೆಜೆಂಟಾಗೆ 75, ಸಯಾನ್‌ಗೆ 15 ಇಡುವುದು ಇದೇ ಕಾರಣಕ್ಕೆ. ಹಳದಿಗೆ 30 ಡಿಗ್ರಿ ಬಿಡುವಷ್ಟು ಜಾಗ ಉಳಿಯದೆ ಸೊನ್ನೆ ಕೊಡುತ್ತಾರೆ, ತಿಳಿಬಣ್ಣವಾದ್ದರಿಂದ ತಪ್ಪು ಕಾಣುವುದಿಲ್ಲ. ನಿಮ್ಮ ಹಳದಿ ಪೂರ್ತಿ ತುಂಬಿದ ಬಣ್ಣ, ಅದಕ್ಕೆ ಕೋನದ ಗೊಡವೆಯೇ ಬೇಡ.

ಪ್ರೆಸ್ಸಿನವರನ್ನು ದೂರುವ ಪ್ಯಾರಾ ತೆಗೆಯಿರಿ. ಎರಡೂ ಬಣ್ಣದ ಟ್ರೇಸಿಂಗ್ ಶೀಟ್‌ಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿದಿದ್ದರೆ ಕಲೆ ಅಲ್ಲೇ ಕಾಣುತ್ತಿತ್ತು, ಇಂಕು ಮುಟ್ಟುವ ಮೊದಲೇ.

ಅವರಿಗೆ ಕೊಟ್ಟ ಫೈಲ್‌ನಲ್ಲೂ ದೋಷವಿದೆ. ನೀವು ಬಳಸಿದ ಫಿಲ್ಟರ್ ಚುಕ್ಕೆಯ ಅಂಚಿಗೆ ನಸುಬೂದು ಬಿಡುತ್ತದೆ. ಅದನ್ನು ಜೆಪೆಗ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದಿರಿ, ಇನ್ನಷ್ಟು ಬೂದು ಸೇರಿತು. ಶೀಟ್ ತೆಗೆಯುವ ಲೇಸರ್ ಪ್ರಿಂಟರ್‌ಗೆ ಬೂದು ಗೊತ್ತಿಲ್ಲ, ಅದು ತನ್ನದೇ ಸಣ್ಣ ಚುಕ್ಕೆ ಹಾಕುತ್ತದೆ. ಲೆನ್ಸ್ ಇಟ್ಟು ನೋಡಿದರೆ ನಿಮ್ಮ ಚುಕ್ಕೆಗಳಿಗೆಲ್ಲ ಗಡ್ಡ ಬಂದಿದೆ. ಒಮ್ಮೆ ನಮ್ಮ ಮುಖಪುಟಕ್ಕೂ ನಾನೇ ಹೀಗೆ ಮಾಡಿಕೊಂಡಿದ್ದೆ, ಹಾಫ್‌ಟೋನ್ ಆದಮೇಲೆ ಚಿತ್ರವನ್ನು ಚೂರು ಹಿಗ್ಗಿಸಿದ್ದೆ. ಆದ್ದರಿಂದ ಮೊದಲೇ ಎ3 ಅಳತೆಗೆ ತನ್ನಿ. ಪ್ರತಿ ಬಣ್ಣವನ್ನೂ ಬೇರೆಯಾಗಿ ಗ್ರೇಸ್ಕೇಲ್ ಮಾಡಿ, `Image > Mode > Bitmap` ತೆರೆದು ಹೀಗೆ ಕೊಡಿ:

```
Output: 600 pixels/inch
Method: Halftone Screen
Frequency: 10 lines/inch
Angle: 45
Shape: Round
```

ಕೆಂಪಿನ ಫೈಲ್‌ಗೆ ಕೋನ 75. ಟಿಫ್ ಆಗಿ ಉಳಿಸಿ. ಇದರಲ್ಲಿ ಕಪ್ಪು ಅಥವಾ ಬಿಳಿ, ಎರಡೇ. ವಾಟ್ಸಾಪ್ ಬೇಕೇ ಬೇಕೆಂದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಹೊಸ ಪ್ರಿಂಟ್ ಬಂದಮೇಲೆ ಗೋಡೆಗೆ ಅಂಟಿಸಿ, ಒಂಬತ್ತು ಮೀಟರ್ ಹಿಂದೆ ಸರಿಯಿರಿ. 2.5 ಮಿ.ಮೀ. ಚುಕ್ಕೆ ಹೆಚ್ಚುಕಡಿಮೆ ಆ ದೂರದಲ್ಲಿ ಕಣ್ಣಿಗೆ ಬೆರೆತು, ಬರೀ ಅಜ್ಜಿ ಉಳಿಯುತ್ತಾರೆ. ಅಲ್ಲಿಂದ ಹತ್ತಿರ ಬರುತ್ತಾ ಏನೇನು ಕಂಡಿತೋ ಅದನ್ನು ಲೇಖನದಲ್ಲಿ ಬರೆಯಿರಿ, ಈಗಿನ ಪೀಠಿಕೆಗಿಂತ ಅದು ಮೇಲು. ಪ್ರಿಂಟನ್ನು ಮಾತ್ರ ಸುರುಳಿ ಸುತ್ತಿ ಕಚೇರಿಗೇ ತಂದುಕೊಡಿ. ಮೊಬೈಲ್‌ನಲ್ಲಿ ಫೋಟೋ ತೆಗೆದು ಕಳಿಸಿದರೆ ಕ್ಯಾಮರಾದ ಪಿಕ್ಸೆಲ್ ಸಾಲು ನಿಮ್ಮ ಚುಕ್ಕೆ ಸಾಲಿನ ಜೊತೆ ಸೇರಿ ಹೊಸ ಕಲೆ ಹುಟ್ಟಿಸಬಹುದು, ಆಮೇಲೆ ಅದು ಯಾರದೆಂದು ನಾನು ಹುಡುಕುತ್ತಾ ಕೂರಬೇಕು.