ಗೋಡೆಯ ಮೇಲಿನ ಸರ್ಟಿಫಿಕೇಟ್ ಯಾವುದಕ್ಕೆ ಕೊಟ್ಟದ್ದು?

ಸಂಪಾದಕರೇ, ನಮ್ಮೂರಿನ ಒಂದು ಚಿಟ್ಸ್ ಅಂಡ್ ಫೈನಾನ್ಸ್ ಕಂಪನಿಯಲ್ಲಿ 3 ಲಕ್ಷ ಡೆಪಾಸಿಟ್ ಇಟ್ಟಿದ್ದೇನೆ. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ. 14 ತಿಂಗಳಿಂದ 6,000 ತಪ್ಪದೆ ಬರುತ್ತಿದೆ. ಕಂಪನಿ ರಿಜಿಸ್ಟರ್ ಆಗಿದೆ, ಸರ್ಟಿಫಿಕೇಟ್ ಗೋಡೆಗೆ ಹಾಕಿದ್ದಾರೆ. ನಿವೃತ್ತಿಯ ಇಡುಗಂಟು 5 ಲಕ್ಷವನ್ನೂ ಅಲ್ಲೇ ಇಡಲೇ? ಬ್ಯಾಂಕ್ ಬಡ್ಡಿಯಲ್ಲಿ ಔಷಧಿಗೂ ಸಾಲದು.
– ನಿವೃತ್ತ ಶಿಕ್ಷಕಿ, ದಾವಣಗೆರೆ

ಬೇಡ ಮೇಡಂ. ಬ್ಯಾಂಕ್ ಬಡ್ಡಿ ಸಾಲದು ಅನ್ನುವ ನಿಮ್ಮ ಮಾತು ನಿಜ. ಆದರೂ ಬೇಡ.

ಮೊದಲು ಆ 14 ತಿಂಗಳ ಲೆಕ್ಕ ನೋಡೋಣ. ನಿಮಗೆ ಬಂದದ್ದು 84,000. ಅವರ ಕೈಯಲ್ಲಿ ಇರುವುದು ನಿಮ್ಮ 3 ಲಕ್ಷ. ಅವರು ಯಾವ ವ್ಯವಹಾರವನ್ನೂ ಮಾಡದೆ, ನಿಮ್ಮ ದುಡ್ಡನ್ನೇ ತಿಂಗಳಿಗೆ 6,000ದಂತೆ ವಾಪಸ್ ಕೊಡುತ್ತಾ ಹೋದರೂ 50 ತಿಂಗಳು ನಡೆಯುತ್ತದೆ. ನೀವು ಇನ್ನೂ 5 ಲಕ್ಷ ಕೊಟ್ಟರೆ ಬೇರೆಯವರ ಬಡ್ಡಿಗೂ ಅದೇ ಆಗುತ್ತದೆ. ತಪ್ಪದೆ ಬಡ್ಡಿ ಬರುತ್ತಿದೆ ಎಂದರೆ ಅಸಲು ಭದ್ರವಾಗಿದೆ ಎಂದಲ್ಲ. ಮೂವತ್ತು ವರ್ಷ ಲೆಕ್ಕ ಕಲಿಸಿದ ನಿಮಗೆ ಇದನ್ನು ನಾನು ಹೇಳಬೇಕೇ?

ನಮ್ಮ ದೊಡ್ಡಪ್ಪನೂ ಹೀಗೇ ಹೇಳುತ್ತಿದ್ದರು. ಅಡಿಕೆ ಮಾರಿದ ದುಡ್ಡನ್ನು ಒಂದು ಫೈನಾನ್ಸ್‌ನಲ್ಲಿ ಇಟ್ಟಿದ್ದರು. ಪಾಸ್‌ಬುಕ್ ತೋರಿಸಿ, "ಒಂದು ತಿಂಗಳೂ ತಪ್ಪಿಲ್ಲ ನೋಡು" ಅನ್ನುತ್ತಿದ್ದರು. ಒಂದು ಸೋಮವಾರ ಹೋದರೆ ಶಟರ್ ಎಳೆದಿತ್ತು. ಆ ಪಾಸ್‌ಬುಕ್ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಇನ್ನು ಆ ಸರ್ಟಿಫಿಕೇಟ್. ಅದನ್ನು ಹತ್ತಿರ ಹೋಗಿ ಓದಿದ್ದೀರಾ? ಕಂಪನಿ ಹುಟ್ಟಿದೆ ಎಂದು ಹೇಳುವ ಕಾಗದ ಒಂದು. ಸಾಲ ಕೊಡಲು ಸಿಗುವ ಲೇವಾದೇವಿ ಲೈಸೆನ್ಸ್ ಇನ್ನೊಂದು. ಚೀಟಿ ನಡೆಸಲು ಕೊಡುವ ಅನುಮತಿ ಮತ್ತೊಂದು. ಇವುಗಳಲ್ಲಿ ಯಾವುದೂ ಜನರಿಂದ ಡೆಪಾಸಿಟ್ ತೆಗೆದುಕೊಳ್ಳಲು ಕೊಟ್ಟದ್ದಲ್ಲ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಕಂಪನಿ ಮುಳುಗಿತಲ್ಲ, ಅಲ್ಲಿ ದುಡ್ಡು ಹಾಕಿದವರನ್ನು ಪಾಲುದಾರರು ಎಂದು ತೋರಿಸಿದ್ದರು. ಕಾಗದಗಳಿಗೆ ಅಲ್ಲೂ ಬರವಿರಲಿಲ್ಲ. ಹಾಗಾಗಿ "ರಿಜಿಸ್ಟರ್ ಆಗಿದೆಯಾ" ಎಂದು ಕೇಳಬೇಡಿ. "ನನ್ನಿಂದ ಡೆಪಾಸಿಟ್ ತಗೊಳ್ಳೋಕೆ ನಿಮಗೆ ಯಾರು ಅನುಮತಿ ಕೊಟ್ಟಿದ್ದಾರೆ, ಆ ಕಾಗದ ತೋರಿಸಿ" ಎಂದು ಕೇಳಿ.

ಚೀಟಿಯನ್ನು ನಾನು ಬೈಯುತ್ತಿಲ್ಲ. ನಮ್ಮಲ್ಲಿ ಎಷ್ಟೋ ಮದುವೆ, ಎಷ್ಟೋ ಮನೆಗಳ ತಾರಸಿ ಚೀಟಿ ದುಡ್ಡಿನಲ್ಲೇ ಆಗಿವೆ. 1982ರ ಚಿಟ್ ಫಂಡ್ ಕಾಯ್ದೆ ಗಟ್ಟಿಯಾಗಿಯೇ ಇದೆ. ತಿಂಗಳಿಗೆ 5,000ದಂತೆ 20 ಜನ ಸೇರಿ 1 ಲಕ್ಷದ ಚೀಟಿ ಹಾಕಿದರು ಎನ್ನಿ. ಶುರುವಾಗುವ ಮೊದಲೇ ಆ ಒಂದು ಚೀಟಿಗೆ ಅಂತಲೇ ರಿಜಿಸ್ಟ್ರಾರರ ಪೂರ್ವಾನುಮತಿ ಬೇಕು. ಚೀಟಿಯ ಮೊತ್ತದಷ್ಟು ಭದ್ರತೆಯನ್ನು ನಡೆಸುವವರು ಇಡಬೇಕು. ಅವರ ಕಮಿಷನ್ ನೂರಕ್ಕೆ 7ನ್ನು ಮೀರುವಂತಿಲ್ಲ. ನಿಮಗೆ ಸಿಗುವ ಲಾಭ ತಿಂಗಳು ತಿಂಗಳು ಚೀಟಿ ಕೂಗುವಾಗ ಎಷ್ಟು ಬಿಟ್ಟುಕೊಟ್ಟರು ಎನ್ನುವುದರ ಮೇಲೆ ನಿಂತಿದೆ. ಅದನ್ನು ಮೊದಲೇ ಹೇಳಲು ಯಾರಿಗೂ ಸಾಧ್ಯವಿಲ್ಲ. ಹಾಗಿದ್ದ ಮೇಲೆ, "ನೂರಕ್ಕೆ ಎರಡು ಗ್ಯಾರಂಟಿ" ಎಂದು ಚೀಟಿ ಕಂಪನಿ ಹೇಳಿದರೆ ಅದು ಚೀಟಿಯ ಮಾತಲ್ಲ. ಚೀಟಿ ಕಂಪನಿ ಸಾರ್ವಜನಿಕರಿಂದ ಡೆಪಾಸಿಟ್ ತೆಗೆದುಕೊಳ್ಳುವುದಕ್ಕೆ ರಿಸರ್ವ್ ಬ್ಯಾಂಕಿನ ನಿಷೇಧವೇ ಇದೆ.

ಫೈನಾನ್ಸ್ ಕಂಪನಿಗಳಲ್ಲಿ ಕೆಲವಕ್ಕೆ ಮಾತ್ರ ಡೆಪಾಸಿಟ್ ಪಡೆಯುವ ಅನುಮತಿ ಇದೆ. ಅವುಗಳ ಪಟ್ಟಿ rbi.org.in ನಲ್ಲಿದೆ. ದೂರು ಕೊಡಲು sachet.rbi.org.in ಇದೆ. ಪಟ್ಟಿಯಲ್ಲಿ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ, ಒಂದೇ ತರಹದ ಹೆಸರುಗಳು ಜಾಸ್ತಿ. ಅನುಮತಿ ಇದ್ದವರೂ ವರ್ಷಕ್ಕೆ ನೂರಕ್ಕೆ 12.5ಕ್ಕಿಂತ ಹೆಚ್ಚು ಬಡ್ಡಿ ಕೊಡುವಂತಿಲ್ಲ. ನಿಮ್ಮವರು ಕೊಡುತ್ತಿರುವುದು 24. ಪಟ್ಟಿ ನೋಡುವ ಮೊದಲೇ ಉತ್ತರ ಸಿಕ್ಕಿತು, ಅಲ್ವಾ? ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಇರುವ ಠೇವಣಿ ವಿಮೆ ಈ ಕಂಪನಿಗಳಲ್ಲಿ ಯಾವುದಕ್ಕೂ ಇಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ನಮ್ಮ ಸಂಕೋಚದ ಮೇಲೆ. ತರಕಾರಿ ಕೊಳ್ಳುವಾಗ ಬೆಂಡೆಕಾಯಿಯ ತುದಿ ಮುರಿದು ನೋಡುವವರು, ಲಕ್ಷ ಕೊಡುವಾಗ "ಪರಿಚಯದವರು, ಹೇಗೆ ಕೇಳೋದು" ಅನ್ನುತ್ತಾರೆ. ನಮ್ಮ ಪತ್ರಿಕೋದ್ಯಮವೂ ತಪ್ಪಿತಸ್ಥನೇ. ಹೆಚ್ಚು ಬಡ್ಡಿಯ ಜಾಹೀರಾತನ್ನು ಪುಟ ತುಂಬ ಹಾಕಿ, ಕಂಪನಿ ಮುಳುಗಿದ ಮೇಲೆ ಕಣ್ಣೀರಿನ ವರದಿಯನ್ನೂ ನಾವೇ ಹಾಕುತ್ತೇವೆ. ಈ ಪತ್ರಿಕೆ ಅಂಥ ಜಾಹೀರಾತು ತೆಗೆದುಕೊಳ್ಳುವುದಿಲ್ಲ, ಅದರಿಂದ ಕಷ್ಟವಾದ ತಿಂಗಳುಗಳಲ್ಲೂ ತೆಗೆದುಕೊಂಡಿಲ್ಲ.

ಈಗ ಮಾಡಬೇಕಾದ್ದು ಇಷ್ಟು. 3 ಲಕ್ಷ ವಾಪಸ್ ಬೇಕೆಂದು ಬರೆದು ಕೊಟ್ಟು, ನಕಲಿನ ಮೇಲೆ ಅವರ ಸೀಲು, ಸಹಿ ಹಾಕಿಸಿಕೊಳ್ಳಿ. ರಸೀದಿಗಳನ್ನು ಮಾತ್ರ ಅವರ ಕೈಗೆ ಕೊಡಬೇಡಿ. "ಮುಂದಿನ ತಿಂಗಳು" ಅನ್ನಲು ಶುರು ಮಾಡಿದರೆ ಕಾಯುತ್ತಾ ಕೂರಬೇಡಿ. ಠೇವಣಿದಾರರ ಹಿತ ಕಾಯಲು ಕರ್ನಾಟಕದಲ್ಲಿ 2004ರ ಕಾಯ್ದೆಯೇ ಇದೆ, ಅದರಡಿ ಪೊಲೀಸರಿಗೆ ದೂರು ಕೊಡಿ. ಉಳಿದ 5 ಲಕ್ಷಕ್ಕೆ, 60 ತುಂಬಿದ್ದರೆ, ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ವಿಚಾರಿಸಿ. ಬಡ್ಡಿ ಮೂರು ತಿಂಗಳಿಗೊಮ್ಮೆ ಬರುತ್ತದೆ. ನೀವು ಕೊಟ್ಟ ಪತ್ರಕ್ಕೆ ಕಂಪನಿಯವರು ಏನೆಂದರು ಎಂದು ನನಗೆ ಬರೆಯಿರಿ.